ಆ ಸ್ಟಾರ್ ಚಾರ್ಟ್ ಗೋಡೆಯಿಂದ ತೆಗೀರಿ

ಇವತ್ತು ಅಣ್ಣನ ಮಗನ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್. ಅಣ್ಣ ಅತ್ತಿಗೆ ಇಬ್ಬರಿಗೂ ರಜೆ ಸಿಗಲಿಲ್ಲ, ನಾನು ಹೋಗಿದ್ದೆ. ಮನೆಗೆ ಬಂದು ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ. ಅವನನ್ನೂ ಅವನ ಅಪ್ಪ ಅಮ್ಮನನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ನಾಲ್ಕನೇ ಕ್ಲಾಸಿನ ಗೋಡೆ ಮೇಲೆ ಒಂದು ಚಾರ್ಟ್ ಇದೆ. ಅದರಲ್ಲಿ ಅವನೊಬ್ಬನದೇ ಹೆಸರು. ಒಂದು ಪೀರಿಯಡ್ ಪೂರ್ತಿ ಗಂಟಲಲ್ಲಿ ಸದ್ದು ಮಾಡದೆ, ಕತ್ತು ಜಗ್ಗದೆ ಕೂತರೆ ಒಂದು ಸ್ಟಾರ್. "ನೋಡಿ ಮೇಡಂ, ಎಷ್ಟು ಇಂಪ್ರೂವ್ ಆಗಿದಾನೆ! ಮನಸ್ಸು ಮಾಡಿದ್ರೆ ನಿಲ್ಲಿಸ್ತಾನೆ. ಬರೀ ಚಾಳಿ ಅದು," ಅಂದರು ಟೀಚರ್. ನಿಜವಾಗಲೂ ಖುಷಿಯಿಂದಲೇ ಅಂದರು. ಪಕ್ಕದಲ್ಲಿ ಬೇರೆ ಮಕ್ಕಳ ಅಪ್ಪ ಅಮ್ಮಂದಿರು ನಿಂತಿದ್ದರು. ಅವನು ನನ್ನ ಪಕ್ಕದಲ್ಲೇ ಇದ್ದ. ಅವರು ಅದರ ಬಗ್ಗೆ ಮಾತಾಡಿದಷ್ಟು ಹೊತ್ತೂ ಅವನ ಕತ್ತು ಬಲಕ್ಕೆ ಜಗ್ಗುತ್ತಲೇ ಇತ್ತು. ಹೀಗೆ ಮತ್ತೆ ಮತ್ತೆ ಬರುವ ಜಗ್ಗು, ಸದ್ದಿಗೆ ಟಿಕ್ ಅನ್ನುತ್ತಾರೆ. ಟಿಕ್ ಬಗ್ಗೆ ಮಾತಾಡಿದರೆ ಟಿಕ್ ಜಾಸ್ತಿ ಆಗುತ್ತದೆ. ಈ ಒಂದು ವಿಷಯ ಗೊತ್ತಿದ್ದಿದ್ದರೆ ಆ ಚಾರ್ಟ್ ಗೋಡೆಗೆ ಏರುತ್ತಲೇ ಇರಲಿಲ್ಲ.

ಮಕ್ಕಳ ಮಾತು ಕೇಳುವುದೇ ನನ್ನ ಕೆಲಸ. ವರ್ಷಗಟ್ಟಲೆ ಈ ಊರಿನ ಶಾಲೆಗಳಲ್ಲಿ ಮಕ್ಕಳ ಜೊತೆ ಕೂತು ಮಾತಾಡಿದ್ದೇನೆ. ಗದರುವ ಟೀಚರ್‌ಗಿಂತ ಬಹುಮಾನ ಕೊಟ್ಟು ನಿಲ್ಲಿಸುವ ಟೀಚರ್ ಬಗ್ಗೆ ನನಗೆ ಜಾಸ್ತಿ ಭಯ. ಯಾಕೆಂದರೆ ಬಹುಮಾನ ಕೆಲಸ ಮಾಡುತ್ತದೆ. ಟಿಕ್ ಇರುವ ಮಕ್ಕಳಿಗೆ ತಡೆದರೆ ಏನಾದರೂ ಕೊಡುತ್ತೇವೆ ಅಂದಾಗ, ಅವರು ಸ್ವಲ್ಪ ಹೊತ್ತು ಇನ್ನೂ ಚೆನ್ನಾಗಿ ತಡೆಯುತ್ತಾರೆ. ಅದನ್ನು ನೋಡಿದ ದೊಡ್ಡವರು 'ಹಾಗಾದ್ರೆ ಇದು ಅವನ ಕೈಯಲ್ಲೇ ಇದೆ' ಅಂದುಕೊಳ್ಳುತ್ತಾರೆ. ಆಮೇಲೆ ಮತ್ತೆ ಬಂದರೆ ಅದು ಅವನ ತಪ್ಪು, ಅವನ ಹಟ.

ಟಿಕ್ ಅಂದರೆ ಬೇಕು ಅಂತ ಮಾಡುವುದಲ್ಲ. ಹಾಗಂತ ಪೂರ್ತಿ ತಾನಾಗಿಯೇ ಆಗಿಬಿಡುವುದೂ ಅಲ್ಲ. ಅದು ಬರುವ ಮೊದಲು ಅಲ್ಲಿ ಒಂದು ಒತ್ತಡ ಶುರುವಾಗುತ್ತದೆ. ಕತ್ತಿನಲ್ಲಿ ಬಿಗಿತ, ಗಂಟಲಲ್ಲಿ ಏನೋ ಕೂತ ಹಾಗೆ. ಜಗ್ಗಿದರೆ, ಸದ್ದು ಮಾಡಿದರೆ, ಒಂದು ಕ್ಷಣ ಸಮಾಧಾನ. ಮತ್ತೆ ಶುರು. ತೀರಾ ಚಿಕ್ಕ ಮಕ್ಕಳಿಗೆ ಆ ಒತ್ತಡ ಗುರುತಿಸುವುದಕ್ಕೂ ಬರುವುದಿಲ್ಲ. ಹತ್ತು ವರ್ಷದ ಹೊತ್ತಿಗೆ ಎಷ್ಟೋ ಮಕ್ಕಳು ಹೇಳಬಲ್ಲರು. ಇವನು ನನಗೆ ಹೇಳಿದ್ದು: "ಅತ್ತೆ, ಇಲ್ಲಿ ಬಿಸಿ ಬಿಸಿ ಆಗತ್ತೆ, ಜಗ್ಗಿದ್ರೆ ಹೋಗತ್ತೆ."

ಒಂದು ಕೆಲಸ ಮಾಡಿ. ಈ ಪ್ಯಾರಾ ಮುಗಿಯುವವರೆಗೆ ಕಣ್ಣು ಮಿಟುಕಿಸಬೇಡಿ. ಮೊದಲ ಸಾಲು ಸುಲಭ. ಎರಡನೇ ಸಾಲಿಗೆ ಕಣ್ಣು ಉರಿಯುತ್ತದೆ. ಆಮೇಲೆ ನೀವು ಓದುವುದು ನನ್ನ ಬರಹವನ್ನಲ್ಲ, ನಿಮ್ಮ ಕಣ್ಣಿನ ಉರಿಯನ್ನು. ಕಣ್ಣು ಮುಚ್ಚದೆ ಇರುವುದು ನಿಮ್ಮ ಕೈಯಲ್ಲೇ ಇತ್ತು, ನಿಜ. ಆದರೆ ಅದರ ಬೆಲೆ ಎಲ್ಲಿಂದ ಹೋಯಿತು? ಗಮನದಿಂದ ಹೋಯಿತು. ಇವನಿಗೆ ಅದೇ ಗಮನದಲ್ಲಿ ನಲವತ್ತು ನಿಮಿಷ ಭಾಗಾಕಾರ ಕಲಿಯಬೇಕು.

ಆ ಬೆಲೆ ನನಗೆ ಇವತ್ತು ಕಣ್ಣಿಗೇ ಕಂಡಿತು. ಚಾರ್ಟ್ ಪಕ್ಕದ ಮೇಜಿನ ಮೇಲೆ ಅವನ ಉಕ್ತಲೇಖನದ ಪುಸ್ತಕ ಇತ್ತು. ಸ್ಟಾರ್ ಸಿಕ್ಕ ದಿನದ ಪುಟ ತೆಗೆದು ನೋಡಿದೆ. ಮೊದಲ ನಾಲ್ಕು ಪದ ಸರಿ. ಐದನೆಯದರಿಂದ ಒತ್ತಕ್ಷರಗಳು ಕಾಣೆ. 'ಸಂತೋಷ' ಸರಿ ಇದೆ, 'ವಿಜ್ಞಾನ'ದ ಒತ್ತು ಇಲ್ಲ. ಕೆಳಗೆ ಬರುವಷ್ಟರಲ್ಲಿ ಎರಡು ಪದ ಬರೆದೇ ಇಲ್ಲ, ಬರೀ ನಂಬರ್. ಪೆನ್ಸಿಲ್ ಒತ್ತಿ ಒತ್ತಿ ಹಾಳೆ ಹಿಂದಿನ ಪುಟಕ್ಕೂ ಅಚ್ಚು ಬಿದ್ದಿದೆ. ಕೆಂಪು ಇಂಕಿನಲ್ಲಿ 'ಗಮನ ಕೊಡು' ಅಂತ ಷರಾ. ಚಾರ್ಟ್ ಬರುವ ಮುಂಚಿನ ಪುಟಗಳಲ್ಲಿ ಇಷ್ಟು ತಪ್ಪಿಲ್ಲ. ಗೋಡೆ ಮೇಲೆ ಸ್ಟಾರ್, ಪುಸ್ತಕದಲ್ಲಿ ಕೆಂಪು ಗೆರೆ. ಎರಡೂ ಒಂದೇ ಪೀರಿಯಡ್ಡಿನವು. ಎರಡನ್ನೂ ಪಕ್ಕ ಪಕ್ಕ ಇಟ್ಟು ಯಾರೂ ನೋಡಿಲ್ಲ. ನನ್ನ ಸಿಟ್ಟು ಅದಕ್ಕೆ.

ಇನ್ನು ಮನೆ. ವ್ಯಾನಿನಲ್ಲೂ ತಡೆದುಕೊಂಡೇ ಬರುತ್ತಾನೆ, ಅಲ್ಲಿ ದೊಡ್ಡ ಹುಡುಗರು ಅಣಕಿಸುತ್ತಾರೆ. ಬನಶಂಕರಿ ಕಡೆಯ ಟ್ರಾಫಿಕ್ಕಿನಲ್ಲಿ ಅದೂ ಮುಕ್ಕಾಲು ಗಂಟೆ. ಮನೆ ಬಾಗಿಲಲ್ಲಿ ಬ್ಯಾಗ್ ಬಿಟ್ಟ ಕೂಡಲೇ ಶುರು. ಕತ್ತು, ಕಣ್ಣು, ಗಂಟಲು, ಒಂದರ ಹಿಂದೆ ಒಂದು. ನಮ್ಮಮ್ಮ ಕೇಳುತ್ತಾಳೆ, "ಶಾಲೆಲಿ ಇಲ್ದೇ ಇರೋದು ಮನೇಲಿ ಯಾಕೆ? ಮುದ್ದು ಜಾಸ್ತಿ ಆಯ್ತು." ತಡೆದಿದ್ದೆಲ್ಲ ಒಳಗೆ ಸೇರಿಕೊಂಡು ಆಮೇಲೆ ದುಪ್ಪಟ್ಟಾಗಿ ಹೊರಗೆ ಬರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಪರೀಕ್ಷಿಸಿ ನೋಡಿದ ಅಧ್ಯಯನಗಳಲ್ಲಿ ಹಾಗೆ ಕಂಡುಬಂದಿಲ್ಲ. ತಡೆಯುವುದನ್ನು ಬಿಟ್ಟಾಗ ಟಿಕ್ ತನ್ನ ಮಾಮೂಲಿ ಮಟ್ಟಕ್ಕೆ ಮರಳುತ್ತದೆ, ಅಷ್ಟೇ. ಬಾಗಿಲಲ್ಲಿ ನಾವು ನೋಡುವುದು ಆ ಮಾಮೂಲಿಯನ್ನು, ಜೊತೆಗೆ ಇಡೀ ದಿನ ಕಾವಲು ಕಾದ ಸುಸ್ತನ್ನು. ಸುಸ್ತು, ಆತಂಕ, ನಿದ್ದೆಗೇಡು ಇದ್ದಾಗ ಟಿಕ್ ಇನ್ನೂ ಹೆಚ್ಚುತ್ತದೆ. ಹೋಮ್‌ವರ್ಕ್ ಮುಂದೆ ಕೂರಿಸಿದರೆ ಅಳು. ಟೀಚರ್‌ಗೆ ಶಾಂತವಾದ ಹುಡುಗ ಕಾಣುತ್ತಾನೆ, ಅತ್ತಿಗೆಗೆ ರೇಗುವ ಹುಡುಗ ಕಾಣುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ನಂಬುವುದಿಲ್ಲ.

ಅಣ್ಣನಿಗೂ ಚಿಕ್ಕಂದಿನಲ್ಲಿ ಎಡಭುಜ ಹಾರುತ್ತಿತ್ತು. ಇದು ಮನೆತನದಲ್ಲಿ ಹರಿದು ಬರುವುದು ಸಾಮಾನ್ಯ. ಊಟಕ್ಕೆ ಕೂತಾಗ ಅಪ್ಪ ಸ್ಕೇಲ್ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ಅಣ್ಣ ಭುಜ ಬಿಗಿ ಹಿಡಿದು, ಅನ್ನ ನುಂಗಲಾಗದೆ ಅರ್ಧಕ್ಕೇ ಏಳುತ್ತಿದ್ದ. ಆ ತಟ್ಟೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಪಿಯುಸಿ ಹೊತ್ತಿಗೆ ಅದು ಹೆಚ್ಚುಕಮ್ಮಿ ನಿಂತೇ ಹೋಯಿತು. ಸ್ಕೇಲಿನಿಂದ ನಿಂತಿದ್ದು ಅಂತ ಅಪ್ಪ ಕೊನೆವರೆಗೂ ನಂಬಿದ್ದರು. ಟಿಕ್ ಸಾಮಾನ್ಯವಾಗಿ ಐದಾರು ವರ್ಷಕ್ಕೆ ಶುರುವಾಗಿ, ಹತ್ತರಿಂದ ಹನ್ನೆರಡರ ಹೊತ್ತಿಗೆ ಜೋರಾಗಿ, ಹದಿಹರೆಯದಲ್ಲಿ ಬಹಳ ಮಕ್ಕಳಿಗೆ ಕಮ್ಮಿಯಾಗುತ್ತದೆ. ನಡುವೆ ವಾರಗಟ್ಟಲೆ ಇಲ್ಲದೇ ಇರಬಹುದು, ಮತ್ತೆ ಬೇರೆ ರೂಪದಲ್ಲಿ ಬರಬಹುದು. ಅಂಥ ಬಿಡುವಿನ ವಾರದಲ್ಲಿ ಏನು ಮಾಡಿದರೂ ಅದರಿಂದಲೇ ವಾಸಿಯಾಯಿತು ಅನ್ನಿಸುತ್ತದೆ. ಇವನಿಗೂ ಆರು ವರ್ಷದಲ್ಲಿ ಕಣ್ಣು ಮಿಟುಕಿಸುವುದರಿಂದಲೇ ಶುರುವಾಗಿದ್ದು. ಕಣ್ಣಿಗೆ ಡ್ರಾಪ್ಸ್ ಹಾಕಿದೆವು, ಅಮ್ಮ ದೃಷ್ಟಿ ತೆಗೆದಳು, ನಿಂತಿತು. ಆಮೇಲೆ ಕತ್ತು ಬಂತು.

ಅದೇ ಶಾಲೆಯಲ್ಲಿ ಗಣಿತದ ಮಿಸ್ ಒಬ್ಬರಿದ್ದಾರೆ. ಅವರು ಏನು ಮಾಡುತ್ತಾರೆ ಅಂತ ಅವನನ್ನೇ ಕೇಳಿದೆ. "ಏನೂ ಮಾಡಲ್ಲ," ಅಂದ. ಮಿಸ್ ಜೊತೆ ಕೂತು ಮಾತಾಡಿದ ಮೇಲೆ, ಆ 'ಏನೂ ಮಾಡದಿರುವುದ'ರ ಹಿಂದೆ ಎಷ್ಟು ಯೋಚನೆ ಇದೆ ಅಂತ ಗೊತ್ತಾಯಿತು. ಅವನು ಸದ್ದು ಮಾಡಿದಾಗ ಅವರು ವಾಕ್ಯದ ಮಧ್ಯೆ ನಿಲ್ಲಿಸುವುದಿಲ್ಲ. ಕಣ್ಣು ಅವನ ಕಡೆ ಹೋಗುವುದಿಲ್ಲ. ಯಾರಾದರೂ ತಿರುಗಿ ನೋಡಿದರೆ, ಆ ಮಗುವಿಗೇ ಮುಂದಿನ ಲೆಕ್ಕದ ಪ್ರಶ್ನೆ ಕೇಳುತ್ತಾರೆ. ಮೊದಲ ಬೆಂಚಿನಿಂದ ಅವನನ್ನು ಹಿಂದಿನ ಸಾಲಿನ ಕಿಟಕಿ ಪಕ್ಕಕ್ಕೆ ಕೂರಿಸಿದ್ದಾರೆ. ಮುಂದೆ ಕೂತರೆ ಇಡೀ ಕ್ಲಾಸಿನ ಕಣ್ಣು ಅವನ ಬೆನ್ನ ಮೇಲೆ, ಹಿಂದೆ ಕೂತರೆ ಇಲ್ಲ. ಹಾಗಂತ ಅವನೊಬ್ಬನನ್ನೇ ಎಬ್ಬಿಸಲಿಲ್ಲ, ಎಲ್ಲರ ಜಾಗವನ್ನೂ ಒಂದೇ ದಿನ ಬದಲಿಸಿದರು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಪೆನ್ಸಿಲ್ ಏರ್ಪಾಡು. ತಡೆಯಲಾಗದಷ್ಟು ಒತ್ತಡ ಬಂದರೆ ಅವನು ನೀಲಿ ಪೆನ್ಸಿಲ್ ಡೆಸ್ಕಿನ ತುದಿಗೆ ಇಟ್ಟು ಹೊರಗೆ ಹೋಗಬಹುದು. ಕೇಳಬೇಕಾಗಿಲ್ಲ. ಮೆಟ್ಟಿಲ ಹತ್ತಿರ ನಿಂತು, ಬೇಕಾದಷ್ಟು ಜಗ್ಗಿ, ಬಂದು ಕೂರುತ್ತಾನೆ. ಎಲ್ಲಿಗೆ ಹೋಗಿದ್ದೆ ಅಂತ ಯಾರೂ ಕೇಳುವುದಿಲ್ಲ. ಮಜಾ ಏನೆಂದರೆ, ಹೋಗಬಹುದು ಅಂತ ಗೊತ್ತಾದ ಮೇಲೆ ಅವನು ಹೋಗುವುದೇ ಕಮ್ಮಿಯಾಗಿದೆಯಂತೆ. ಒಬ್ಬೊಬ್ಬರನ್ನೇ ಲೆಕ್ಕ ಬಿಡಿಸಲು ಕರೆಯುವಾಗಲೂ ಅಷ್ಟೇ. ರೋಲ್ ನಂಬರ್ ಪ್ರಕಾರ ಸರದಿ ಹತ್ತಿರ ಬಂದಷ್ಟೂ ಅವನಿಗೆ ಆತಂಕ ಏರುತ್ತದೆ. ಅದಕ್ಕೇ ಮಿಸ್ ಅವನು ಬಿಡಿಸಬೇಕಾದ ಲೆಕ್ಕ ಯಾವುದು ಅಂತ ಹಿಂದಿನ ದಿನವೇ ಹೇಳಿರುತ್ತಾರೆ.

"ಉಳಿದ ಮಕ್ಕಳಿಗೆ ಡಿಸ್ಟರ್ಬ್ ಆಗಲ್ವಾ?" ಅಂತ ಸ್ಟಾರ್ ಟೀಚರ್ ನನ್ನನ್ನು ಕೇಳಿದರು. ಆಗುತ್ತದೆ, ಮೊದಲ ಕೆಲವು ದಿನ. ಆ ಕ್ಲಾಸಿನ ಕಿಟಕಿ ಮೇನ್ ರೋಡಿಗೆ ತೆರೆದುಕೊಂಡಿದೆ, ದಿನವಿಡೀ ಬಸ್ಸಿನ ಹಾರ್ನ್. ಅದಕ್ಕೆ ಮಕ್ಕಳು ಯಾವಾಗಲೋ ಒಗ್ಗಿಕೊಂಡಿದ್ದಾರೆ. ಹಾರ್ನ್ ಹೊಡೆದಾಗಲೆಲ್ಲ ಯಾರೂ ಪಾಠ ನಿಲ್ಲಿಸಿ ರಸ್ತೆ ಕಡೆ ನೋಡುವುದಿಲ್ಲ. ಇವನ ಸದ್ದಿಗೆ ಮಾತ್ರ ಪಾಠ ನಿಲ್ಲುತ್ತದೆ, ಅದಕ್ಕೇ ಮಕ್ಕಳು ತಿರುಗುತ್ತಾರೆ. ಗಣಿತದ ಪೀರಿಯಡ್ಡಿನಲ್ಲಿ ಅವವೇ ಮಕ್ಕಳು ಈಗ ತಿರುಗುವುದಿಲ್ಲ.

ಇನ್ನೊಬ್ಬರು ಕೇಳಬಹುದು, ಟಿಕ್ ತಡೆಯುವುದಕ್ಕೆ ಥೆರಪಿಯೇ ಇದೆಯಲ್ಲ, ಟೀಚರ್ ಮಾಡಿದರೆ ತಪ್ಪೇನು ಅಂತ. ಥೆರಪಿ ಇದೆ. ಅದರಲ್ಲಿ ತರಬೇತಿ ಪಡೆದವರು ಮಗುವಿಗೆ ಮೊದಲು ಒತ್ತಡವನ್ನು ಗುರುತಿಸುವುದಕ್ಕೆ ಕಲಿಸುತ್ತಾರೆ. ಆಮೇಲೆ ಟಿಕ್ ಜೊತೆ ಒಟ್ಟಿಗೆ ಆಗಲು ಸಾಧ್ಯವಿಲ್ಲದ ಒಂದು ಚಲನೆ ಕಲಿಸುತ್ತಾರೆ. ಕತ್ತು ಜಗ್ಗುವ ಮಗು ಗದ್ದವನ್ನು ಸ್ವಲ್ಪ ಕೆಳಗೆ ತಂದು ಕತ್ತಿನ ಸ್ನಾಯುವನ್ನು ಮೆಲ್ಲಗೆ ಬಿಗಿ ಹಿಡಿಯುತ್ತದೆ, ಒತ್ತಡ ಇಳಿಯುವವರೆಗೆ. ಒಂದು ಸಲಕ್ಕೆ ಒಂದೇ ಟಿಕ್, ಮಗುವಿಗೆ ತೊಂದರೆ ಕೊಡುವುದು ಯಾವುದೋ ಅದು. 2010ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಇದರಿಂದ ಮಕ್ಕಳಿಗೆ ಅನುಕೂಲ ಆಗಿದ್ದು ಗೊತ್ತಾಗಿದೆ. ಅದಕ್ಕೂ ನಲವತ್ತು ಜನರ ಮುಂದೆ ಉಸಿರು ಬಿಗಿ ಹಿಡಿದು ಸ್ಟಾರ್ ಗಳಿಸುವುದಕ್ಕೂ ಸಂಬಂಧವೇ ಇಲ್ಲ. ಇವನನ್ನು ಡಾಕ್ಟರ್ ನೋಡಿದ್ದಾರೆ. ಕತ್ತು ನೋವು ಬಂದರೆ, ಓದುವುದಕ್ಕೇ ಆಗದಿದ್ದರೆ, ಅಥವಾ ಆ ಹೊತ್ತಿನಲ್ಲಿ ಕರೆದರೂ ಓಗೊಡದೆ ಶೂನ್ಯ ನೋಡುತ್ತಿದ್ದರೆ ಕಾಯದೆ ಕರೆದುಕೊಂಡು ಬನ್ನಿ ಅಂದಿದ್ದಾರೆ. ಕೊನೆಯದು ಫಿಟ್ಸ್ ಇರಬಹುದು, ಟಿಕ್ ಅಲ್ಲ.

ಟೀಚರ್‌ಗೆ ನಾನು ಪಕ್ಕಕ್ಕೆ ಕರೆದು ಹೇಳಿದೆ, ಚಾರ್ಟ್ ಇವತ್ತೇ ತೆಗೀರಿ ಅಂತ. ಎಲ್ಲರ ಮುಂದೆ 'ಇವನಿಗೆ ಹೀಗಿದೆ, ಯಾರೂ ನಗಬಾರದು' ಅಂತ ಭಾಷಣವೂ ಬೇಡ ಅಂದೆ. ಕ್ಲಾಸಿಗೆ ಹೇಳಬೇಕೋ ಬೇಡವೋ ಅವನು ತೀರ್ಮಾನ ಮಾಡಲಿ. ಅಣಕಿಸುವ ಹುಡುಗನನ್ನು ಬೇರೆಯಾಗಿ ಕರೆದು ಅಣಕಿಸುವುದರ ಬಗ್ಗೆ ಮಾತಾಡಿ, ಟಿಕ್ ಬಗ್ಗೆ ಅಲ್ಲ. ಅವರು ಕೇಳಿಸಿಕೊಂಡರು. ತೆಗೆಯುತ್ತಾರೋ ಇಲ್ಲವೋ, ಸೋಮವಾರ ಹೋಗಿ ನೋಡುತ್ತೇನೆ.

ಪಿ.ಟಿ. ಸರ್, ಬದಲಿಗೆ ಬರುವ ಟೀಚರ್, ವ್ಯಾನ್ ಅಂಕಲ್, ಇವರಿಗೆಲ್ಲ ಕೊಡುವುದಕ್ಕೆ ಒಂದು ಚಿಕ್ಕ ಚೀಟಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ಬೇಕಾದ ಹಾಗೆ ಬದಲಿಸಿಕೊಂಡು ಬಳಸಿ:

"ಇವನಿಗೆ ಟಿಕ್ ಇದೆ. ಕತ್ತು ಜಗ್ಗುತ್ತಾನೆ, ಗಂಟಲಲ್ಲಿ ಸದ್ದು ಮಾಡುತ್ತಾನೆ. ಬೇಕಂತ ಅಲ್ಲ. ನಿಲ್ಲಿಸು ಅನ್ನಬೇಡಿ, ನಿಲ್ಲಿಸಿದಾಗ ಹೊಗಳಲೂ ಬೇಡಿ. ನೀವು ಮಾಡುತ್ತಿದ್ದ ಕೆಲಸ ಮುಂದುವರಿಸಿ. ನೀಲಿ ಪೆನ್ಸಿಲ್ ಇಟ್ಟು ಎದ್ದರೆ ಹೋಗಲು ಬಿಡಿ. ಏನಾದರೂ ಕೇಳುವುದಿದ್ದರೆ ನಮಗೆ ಫೋನ್ ಮಾಡಿ, ಅವನನ್ನು ಕೇಳಬೇಡಿ."