ಪಾರ್ಶ್ವವಾಯು ಹೊಡೆದಾಗಲೂ ರಾಹುಕಾಲ ನೋಡ್ತೀರಾ?

ಕಳೆದ ಮಂಗಳವಾರದಿಂದ ನಂಗೆ ಸರಿಯಾಗಿ ನಿದ್ದೆ ಇಲ್ಲ. ಬರೆದ್ರಾದ್ರೂ ಎದೆ ಸ್ವಲ್ಪ ಹಗುರ ಆಗುತ್ತೇನೋ ಅಂತ ಕೂತಿದೀನಿ, ಉದ್ದ ಆಗುತ್ತೆ, ಓದೋರು ಓದಿ.

ಬೆಂಗಳೂರಲ್ಲಿರೋ ನಮ್ಮ ಚಿಕ್ಕಪ್ಪ ಅವತ್ತು ಮಧ್ಯಾಹ್ನ ಕಾಫಿ ಕುಡೀತಾ ಕೂತಿದ್ರು. 3:10ರ ಹೊತ್ತಿಗೆ ಲೋಟ ಕೈಯಿಂದ ಜಾರಿದೆ. ಎತ್ಕೊಳ್ಳೋಕೆ ಹೋದ್ರೆ ಬಲಗೈ ಬರ್ತಿಲ್ಲ, ಬಾಯಿ ಬಲಗಡೆ ಜೋತುಬಿದ್ದಿದೆ, ಮಾತು ತೊದಲ್ತಿದೆ. ಅವರ ಮಗ, ಅಂದ್ರೆ ನನ್ನ ತಮ್ಮ, 3:20ಕ್ಕೆ ನಂಗೆ ಫೋನ್ ಮಾಡ್ದ. "ಅಕ್ಕಾ, ಅಪ್ಪಂಗೆ ಏನೋ ಆಗ್ತಿದೆ, ಸ್ಟ್ರೋಕ್ ಇರ್ಬೋದಾ?" ನಾನು ತಕ್ಷಣ ಹೊರಡ್ರೋ ಅಂದೆ. "ಹೊರಡ್ತೀವಿ, ಅಮ್ಮ ರಾಹುಕಾಲ ಕಳೀಲಿ ಅಂತಿದಾರೆ, ನಾಲ್ಕೂವರೆಗೆ ಮುಗಿಯುತ್ತೆ."

ಅವರು ಮನೆ ಬಿಟ್ಟಿದ್ದು 4:35ಕ್ಕೆ. ಒಂದು ಗಂಟೆ ಕಾಲು ಆ ಮನುಷ್ಯನ್ನ ದಿವಾನದ ಮೇಲೆ ಮಲಗಿಸ್ಕೊಂಡು, ತಲೆಗೆ ಎಣ್ಣೆ ಒತ್ಕೊಂಡು, ಎಲ್ರೂ ಗೋಡೆ ಗಡಿಯಾರ ನೋಡ್ತಾ ಕೂತಿದ್ರು.

ನಾನು ನಾಸ್ತಿಕಳಲ್ಲ, ನಿಮಗೆಲ್ಲ ಗೊತ್ತೇ ಇದೆ. ಪುರೋಹಿತರ ಮನೆ ಹುಡುಗಿ. ತಾತ ಪಂಚಾಂಗ ಬಿಡಿಸ್ಕೊಂಡು ತಿಥಿ ವಾರ ನಕ್ಷತ್ರ ಯೋಗ ಕರಣ ಅಂತ ಬೆರಳಲ್ಲಿ ಎಣಿಸೋದನ್ನ ನೋಡ್ತಾ ಬೆಳೆದೋಳು. ಮಗಳ ಮದುವೆಗೆ ಮುಹೂರ್ತ ಇಡಿಸಿದೀನಿ, ಈ ಮನೆ ಗೃಹಪ್ರವೇಶಕ್ಕೂ ಇಡಿಸಿದೀನಿ, ನಾಳೆ ಮೊಮ್ಮಗನ ಅಕ್ಷರಾಭ್ಯಾಸಕ್ಕೂ ಇಡಿಸ್ತೀನಿ. ಅದಕ್ಕೇ ನಂಗೆ ಇಷ್ಟು ಸಿಟ್ಟು. ರಾಹುಕಾಲ ಅಂದ್ರೆ ಏನು ಅಂತಾನೇ ಗೊತ್ತಿಲ್ದೆ ಅದನ್ನ ಹಿಡ್ಕೊಂಡು ಒಬ್ರ ಜೀವದ ಮುಂದೆ ಅಡ್ಡ ನಿಲ್ಸಿದ್ರಲ್ಲ.

ಏನು ಅಂತ ಹೇಳ್ತೀನಿ ಕೇಳಿ. ಸೂರ್ಯ ಹುಟ್ಟಿದಾಗಿಂದ ಮುಳುಗೋವರೆಗಿನ ಹಗಲನ್ನ ಎಂಟು ಸಮಭಾಗ ಮಾಡ್ತಾರೆ. ಅದರಲ್ಲಿ ಒಂದು ಭಾಗ ರಾಹುವಿಂದು. ಸೋಮವಾರ ಎರಡನೇದು, ಶನಿವಾರ ಮೂರನೇದು, ಶುಕ್ರವಾರ ನಾಲ್ಕನೇದು, ಬುಧವಾರ ಐದನೇದು, ಗುರುವಾರ ಆರನೇದು, ಮಂಗಳವಾರ ಏಳನೇದು, ಭಾನುವಾರ ಕೊನೇದು. ಇದನ್ನ ನೆನಪಿಟ್ಕೊಳ್ಳೋಕೆ 'ಮದರ್ ಸಾ ಫಾದರ್ ವೇರಿಂಗ್ ದಿ ಟರ್ಬನ್ ಸಡನ್ಲಿ' ಅಂತ ನಮ್ಮಪ್ಪ ಹೇಳ್ಕೊಟ್ಟಿದ್ರು, ನಿಮ್ಮ ಮನೇಲೂ ಯಾರಾದ್ರೂ ಹೇಳ್ಕೊಟ್ಟಿರ್ತಾರೆ. ಮಂಡೇ, ಸ್ಯಾಟರ್‌ಡೇ, ಫ್ರೈಡೇ ಅಂತ ಅದೇ ಸಾಲು.

ಕ್ಯಾಲೆಂಡರಲ್ಲಿರೋ ಮಂಗಳವಾರ 3ರಿಂದ 4:30 ಎಲ್ಲಿಂದ ಬಂತು? ಬೆಳಗ್ಗೆ 6ಕ್ಕೆ ಸೂರ್ಯ ಹುಟ್ಟಿ ಸಂಜೆ 6ಕ್ಕೆ ಮುಳುಗ್ತಾನೆ ಅಂತ ಇಟ್ಕೊಂಡ್ರೆ ಹಗಲು 12 ಗಂಟೆ, ಒಂದೊಂದು ಭಾಗ ಒಂದೂವರೆ ಗಂಟೆ, ಏಳನೇ ಭಾಗ 3ಕ್ಕೆ ಶುರು. ಲೆಕ್ಕ ಸರಿ. ಆದ್ರೆ ಬೆಂಗಳೂರಲ್ಲಿ ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗೋ ದಿನ ಇಡೀ ವರ್ಷದಲ್ಲಿ ಒಂದೂ ಇಲ್ಲ. ಹಗಲು ರಾತ್ರಿ ಸಮ ಅಂತೀವಲ್ಲ, ಆ ಮಾರ್ಚ್ 21ರಂದೇ ಇಲ್ಲಿ ಸೂರ್ಯೋದಯ ಸುಮಾರು 6:23ಕ್ಕೆ, ಸೂರ್ಯಾಸ್ತ ಸುಮಾರು 6:30ಕ್ಕೆ. ಯಾಕಂದ್ರೆ ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಆ ರೇಖೆ ನಮ್ಮಿಂದ ಪೂರ್ವಕ್ಕಿದೆ. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷದ ಹಾಗೆ ಇಲ್ಲಿ ಸೂರ್ಯ ಇಪ್ಪತ್ತು ನಿಮಿಷ ಲೇಟು. ಮಂಗಳೂರಲ್ಲಿ ಇನ್ನೂ ಹತ್ತು ನಿಮಿಷ ಲೇಟು. ನಮ್ಮ ತಾತ ಆಯಾ ಊರಿನ ಸೂರ್ಯೋದಯ ತಗೊಳ್ದೆ ಯಾವ ಲೆಕ್ಕನೂ ಶುರು ಮಾಡ್ತಿರ್ಲಿಲ್ಲ.

ಅವತ್ತಿನದು ನಾನೇ ಕೂತು ಲೆಕ್ಕ ಹಾಕಿದೆ, ಆಸ್ಪತ್ರೆ ಕಾರಿಡಾರಲ್ಲಿ, ರಾತ್ರಿ. ಈಗ ಜೂನ್ ಮಧ್ಯ. ಸೂರ್ಯೋದಯ ಸುಮಾರು 5:54, ಸೂರ್ಯಾಸ್ತ ಸುಮಾರು 6:47. ಹಗಲು 12 ಗಂಟೆ 53 ನಿಮಿಷ, ಅಂದ್ರೆ 773 ನಿಮಿಷ. ಎಂಟರಿಂದ ಭಾಗಿಸಿದ್ರೆ ಹತ್ತತ್ರ 97 ನಿಮಿಷಕ್ಕೆ ಒಂದು ಭಾಗ. ಆರು ಭಾಗ ಕಳೆದು ಏಳನೇದು ಶುರುವಾಗೋದು 3:34ಕ್ಕೆ. ಮುಗಿಯೋದು 5:10ಕ್ಕೆ.

ಗೊತ್ತಾಯ್ತಾ? ಫೋನ್ ಮಾಡಿದ 3:20ಕ್ಕೇ ಹೊರಟಿದ್ರೆ ರಾಹುಕಾಲ ಇನ್ನೂ ಶುರುವೇ ಆಗಿರ್ಲಿಲ್ಲ. ಹೊರಡಬಹುದಾಗಿದ್ದ ಹೊತ್ತನ್ನ ಮನೇಲಿ ಕೂತು ಕಳೆದು, 4:35ಕ್ಕೆ ನಡು ರಾಹುಕಾಲದಲ್ಲೇ ಹೊಸಿಲು ದಾಟಿದಾರೆ. ಅವರು ನಂಬಿದ್ದ ಲೆಕ್ಕದಲ್ಲೇ ಎಲ್ಲಾ ತಲೆಕೆಳಗು. ಸಾಲದ್ದಕ್ಕೆ ಸಂಜೆ ಟ್ರಾಫಿಕ್. ಇಪ್ಪತ್ತೈದು ನಿಮಿಷದ ದಾರಿಗೆ ಐವತ್ತು ನಿಮಿಷ ಹಿಡೀತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತಿಗೆ ಶುರುವಾಯ್ತು? ಕೊನೇ ಸಲ ಚೆನ್ನಾಗಿದ್ದಿದ್ದನ್ನ ನೋಡಿದ್ದು ಯಾವಾಗ?" ಹೆಸರು ವಯಸ್ಸು ಎಲ್ಲಾ ಆಮೇಲೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ರೆ ಅದನ್ನ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ಕೊಡೋದು ಶುರುವಾದ ನಾಲ್ಕೂವರೆ ಗಂಟೆಯೊಳಗೆ. ಅದಕ್ಕೂ ಮೊದಲು ಸ್ಕ್ಯಾನ್ ಮಾಡಿ ಇದು ಹೆಪ್ಪೋ, ಇಲ್ಲಾ ರಕ್ತಸ್ರಾವವೋ ನೋಡ್ಲೇಬೇಕು, ಸ್ರಾವ ಆಗ್ತಿರೋರಿಗೆ ಆ ಔಷಧಿ ಕೊಟ್ರೆ ಜೀವಕ್ಕೇ ಅಪಾಯ. ಹೊತ್ತು ಮೀರಿದ್ರೆ ಲಾಭ ಕಮ್ಮಿಯಾಗಿ ರಕ್ತಸ್ರಾವದ ಭಯ ಜಾಸ್ತಿಯಾಗುತ್ತೆ. ನಾಲ್ಕೂವರೆ ಗಂಟೆ ಅಂದ್ರೆ ಅಲ್ಲೀವರೆಗೂ ಆರಾಮ ಅಂತಲ್ಲ, ದೊಡ್ಡ ಸ್ಟ್ರೋಕಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯ್ತಾವಂತೆ. ಚಿಕ್ಕಪ್ಪಂಗೆ ಇಂಜೆಕ್ಷನ್ ಬಿದ್ದಾಗ 6:10. ಸರಿಯಾಗಿ ಮೂರು ಗಂಟೆ. ಅದರಲ್ಲಿ ಒಂದೂಕಾಲು ಗಂಟೆ ಗೋಡೆ ಗಡಿಯಾರ ನೋಡಿದ್ದು.

ಮಾತು ಬಹಳಷ್ಟು ವಾಪಸ್ ಬಂದಿದೆ. ನಡೀತಾರೆ. ಬಲಗೈ ಬೆರಳಲ್ಲಿ ಸ್ಪೂನ್ ನಿಲ್ತಿಲ್ಲ. ಬೇಗ ಹೋಗಿದ್ರೆ ಬೆರಳು ಸರಿಯಾಗೇ ಇರ್ತಿತ್ತು ಅಂತ ಡಾಕ್ಟರೂ ಹೇಳಲ್ಲ, ನಾನೂ ಹೇಳಲಾರೆ. ಆದ್ರೆ ಆ ಒಂದೂಕಾಲು ಗಂಟೆ ನನ್ನ ತಲೆ ಬಿಟ್ಟು ಹೋಗ್ತಿಲ್ಲ.

ಈಗ ಕೆಲವರು ಹೇಳ್ತೀರಿ, ಸರಿಯಾದ ಟೈಮ್ ಗೊತ್ತಿದ್ರೆ ಆಯ್ತಲ್ಲ, ಮೊಬೈಲಲ್ಲಿ ಊರಿನ ಸೂರ್ಯೋದಯ ಹಾಕಿದ್ರೆ ರಾಹುಕಾಲ ನಿಮಿಷದ ಲೆಕ್ಕದಲ್ಲಿ ಬರುತ್ತೆ ಅಂತ. ನಾನು ಹೇಳ್ತಿರೋದು ಅದಲ್ಲ. ಲೆಕ್ಕ ನೂರಕ್ಕೆ ನೂರು ಸರಿ ಇದ್ದು, 3:20ಕ್ಕೆ ನಿಜವಾಗ್ಲೂ ರಾಹುಕಾಲವೇ ನಡೀತಿದ್ರೂ ಎದ್ದು ಹೊರಡ್ಬೇಕಿತ್ತು. ಮುಹೂರ್ತ ನೋಡೋದು ದಿನ ಆರಿಸ್ಕೊಳ್ಳೋ ಅಧಿಕಾರ ನಮ್ಮ ಕೈಲಿರೋ ಕೆಲಸಕ್ಕೆ. ಮದುವೆ, ಉಪನಯನ, ಗೃಹಪ್ರವೇಶ, ಅಂಗಡಿ ಪೂಜೆ, ಇವೆಲ್ಲ ನಾವಾಗೇ ಶುರು ಮಾಡೋವು. ಪಾರ್ಶ್ವವಾಯು ಆಗ್ಲೇ ಶುರುವಾಗ್ಬಿಟ್ಟಿರುತ್ತೆ, ಅದಕ್ಕೆ ನೀವೇನು ಮುಹೂರ್ತ ಇಡ್ತೀರಿ?

ನಮ್ಮ ತಾತನ ಹತ್ರ ಮಧ್ಯರಾತ್ರಿ ಜನ ಬರ್ತಿದ್ರು, ಹೆರಿಗೆ ನೋವು ಶುರುವಾಗಿದೆ, ಗಾಡಿ ಕಟ್ಟೋಕೆ ಗಳಿಗೆ ನೋಡಿ ಅಂತ. ತಾತ ಪಂಚಾಂಗ ಮುಟ್ತಾನೇ ಇರ್ಲಿಲ್ಲ. "ಮೊದ್ಲು ಗಾಡಿ ಕಟ್ಟು, ಮಗು ಹುಟ್ಟಿದ್ಮೇಲೆ ಬಾ, ಹುಟ್ಟಿದ ಹೊತ್ತು ಬರ್ಕೊಡ್ತೀನಿ" ಅಂತಿದ್ರು. ಹಳ್ಳಿ ಪುರೋಹಿತ, ಬಸ್ಸು ಹತ್ತಿದ್ದೇ ಕಮ್ಮಿ. ಅವರಿಗೆ ಗೊತ್ತಿದ್ದದ್ದು ಓದು ಬರಹ ಇರೋ ನಮ್ಮ ಮನೆಗಳಲ್ಲಿ ಯಾಕೆ ಮರೆತುಹೋಯ್ತು?

ಇನ್ನೊಂದು ಮಾತೂ ಬರುತ್ತೆ, ಹಿರಿಯರ ಮನಸ್ಸಿಗೆ ನೆಮ್ಮದಿ, ಅರ್ಧ ಗಂಟೆ ಕಾದ್ರೆ ಏನು ನಷ್ಟ ಅಂತ. ಸೀರೆ ತರೋಕೆ ಹೋಗೋವಾಗ ಕಾಯಿರಿ, ನಾನೂ ಜೊತೆಗೆ ಕಾಯ್ತೀನಿ. ಕೈ ಬಿದ್ದುಹೋಗಿರೋ ಮನುಷ್ಯನ ಎದುರು ಈ ಮಾತಾಡ್ಬೇಡಿ. ಇನ್ನು ರಾಹುಕಾಲದಲ್ಲಿ ಏನೂ ಮಾಡ್ಬಾರ್ದು ಅನ್ನೋದೂ ನಿಜ ಅಲ್ಲ. ಇದೇ ಚಿಕ್ಕಮ್ಮ ಮೊಣಕಾಲು ನೋವು ಬರೋವರೆಗೂ ಪ್ರತಿ ಮಂಗಳವಾರ ರಾಹುಕಾಲಕ್ಕೆ ಸರಿಯಾಗಿ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬರೋರು. ಗಂಡ ಮಕ್ಕಳು ಚೆನ್ನಾಗಿರ್ಲಿ ಅಂತಾನೇ ಹಚ್ಚಿದ್ದು. ಆ ಹೊತ್ತಲ್ಲಿ ತಾಯಿ ಹತ್ರ ಹೋಗಿ ಗಂಡನ ಆಯಸ್ಸು ಬೇಡಬಹುದು ಅಂದ್ರೆ ಅದೇ ಗಂಡನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಕೆ ಯಾವ ಶಾಸ್ತ್ರ ಅಡ್ಡ ಬರುತ್ತೆ?

ಚಿಕ್ಕಮ್ಮನ ಮೇಲೆ ನಂಗೆ ಕೋಪ ಇದೆ, ಪ್ರೀತಿನೂ ಇದೆ. ಅವರು ಹೆದರಿದ್ರು. ಕೈಕಾಲು ಆಡದೇ ಇದ್ದಾಗ ಗೋಡೆ ಮೇಲೆ ಅಚ್ಚಾಗಿರೋ ಒಂದು ಸಾಲು ಹಿಡ್ಕೊಂಡ್ರು.

ಇಷ್ಟೆಲ್ಲ ಬರೆದು ಒಂದು ವಿಷಯ ಮುಚ್ಚಿಟ್ರೆ ಸುಳ್ಳಾಗುತ್ತೆ. ತಮ್ಮ ಫೋನಲ್ಲಿ ರಾಹುಕಾಲ ಅಂದಾಗ ನನ್ನ ಕಣ್ಣೂ ಅಡುಗೆಮನೆ ಕ್ಯಾಲೆಂಡರ್ ಕಡೆ ಹೋಯ್ತು. ಮಂಗಳವಾರ, 3ರಿಂದ 4:30, ಹೌದಲ್ಲ ಅಂತ ಒಂದು ಗಳಿಗೆ ಅನ್ನಿಸ್ತು. ಆಮೇಲೆ ನಾನು ಹೇಳಿದ್ದು, "ಅಮ್ಮಂಗೆ ಸಮಾಧಾನ ಹೇಳು, ಆದಷ್ಟು ಬೇಗ ಹೊರಡ್ರಿ." ಅಷ್ಟೇ. ಚಿಕ್ಕಮ್ಮನ ಕೈಗೆ ಫೋನ್ ಕೊಡು ಅನ್ನಲಿಲ್ಲ, ಕಿರುಚಲಿಲ್ಲ, ನಾನೇ 108ಕ್ಕೆ ಫೋನ್ ಮಾಡಿ ಅವರ ಮನೆ ಅಡ್ರೆಸ್ ಹೇಳಬಹುದಿತ್ತು, ಹೇಳಲಿಲ್ಲ. ನಾನು ಹೇಳಿದ್ರೆ ಚಿಕ್ಕಮ್ಮ ಕೇಳ್ತಿದ್ರು, ಪುರೋಹಿತರ ಮೊಮ್ಮಗಳು ಅಂತ ಆ ಮನೇಲಿ ನನ್ನ ಮಾತಿಗೆ ಬೆಲೆ ಇದೆ. ಆ ಒಂದೂಕಾಲು ಗಂಟೆಯಲ್ಲಿ ನನ್ನ ಪಾಲೂ ಇದೆ.

ಭಾನುವಾರ ಮನೆಗೆ ಬಂದಿದಾರೆ. ನಾಳೆ ಮಂಗಳವಾರ, ಫಿಸಿಯೋಥೆರಪಿಗೆ 3:30ಕ್ಕೆ ಟೈಮ್ ಸಿಕ್ಕಿದೆ. ಬೆಳಗ್ಗೆ ಚಿಕ್ಕಮ್ಮ ಫೋನ್ ಮಾಡಿ ಮೆಲ್ಲಗೆ ಕೇಳಿದ್ರು, "ಬೇರೆ ಹೊತ್ತು ಕೊಡಲ್ವಂತೇನೇ?" ಮೂರು ಗಂಟೆಗೆ ನಾನೇ ಕಾರ್ ತಗೊಂಡು ಬರ್ತೀನಿ ಚಿಕ್ಕಮ್ಮ, ಚಿಕ್ಕಪ್ಪಂಗೆ ಚಪ್ಪಲಿ ಹಾಕಿಸಿ ರೆಡಿ ಇಟ್ಟಿರಿ ಅಂದಿದೀನಿ.