ಹಿಂದುಮುಂದಿಲ್ಲದ ಉತ್ತರಪತ್ರಿಕೆ

ಕೊರೊನಾ ಕಾಲದ ಆನ್‌ಲೈನ್ ಕಿರುಪರೀಕ್ಷೆಗಳು ಮೇಷ್ಟ್ರುಗಳಿಗೆ ಒಂದು ಹೊಸ ವಿದ್ಯೆ ಕಲಿಸಿಹೋದವು. ಉತ್ತರಕ್ಕೆ ಅಂಕ ಕೊಡುವ ಮುಂಚೆ ಉತ್ತರ ಎಲ್ಲಿ ಶುರುವಾಗಿದೆ ಅಂತ ಪತ್ತೆ ಮಾಡುವ ವಿದ್ಯೆ. ಮಕ್ಕಳು ಹಾಳೆಯಲ್ಲಿ ಬರೆದು, ಪುಟಗಳ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರು. ಸೂಚನಾಪತ್ರದಲ್ಲಿ ನೀಲಿ ಶಾಯಿಯೇ ಬೇಕು, ನೆರಳು ಬೀಳಬಾರದು ಎಂದೆಲ್ಲ ಇತ್ತು. ಪುಟಸಂಖ್ಯೆ ಹಾಕಿ ಅನ್ನುವ ಸಾಲು ಮಾತ್ರ ಇರಲಿಲ್ಲ. ಪುಟಕ್ಕೆ ಸಂಖ್ಯೆ ಇದ್ದೇ ಇರುತ್ತದೆ ಅನ್ನುವ ಭರವಸೆ ಇರಬೇಕು, ಪಾಪ.

ಹೀಗಾಗಿ ಅರ್ಥಶಾಸ್ತ್ರದ ಉತ್ತರದಲ್ಲಿ ಒಂದು ಫೋಟೊ 'ಹಣದುಬ್ಬರ ತಡೆಯಲು ರಿಸರ್ವ್ ಬ್ಯಾಂಕು' ಎಂದು ಮುಗಿಯುತ್ತದೆ, ಮುಂದಿನದು 'ಹಾಲಿನ ಇಳುವರಿ ಹೆಚ್ಚಿಸಿತು' ಎಂದು ಶುರುವಾಗುತ್ತದೆ. ಅರ್ಧ ಅಂಕ ಕೊಡಲೂ ಮನಸ್ಸು ಬಾರದು.

ಕಡತದ ಹೆಸರು ನೋಡಿ ಜೋಡಿಸೋಣವೆಂದರೆ `IMG-20210614-WA0031` ಎಂದಿರುತ್ತದೆ. ಅದು ವಾಟ್ಸಾಪ್‌ನಲ್ಲಿ ಬಂದ ದಿನ ಮತ್ತು ಸರದಿ, ಫೋಟೊ ತೆಗೆದ ಹೊತ್ತಲ್ಲ. ಒಳಗಿದ್ದ ಸಮಯದ ವಿವರವನ್ನೂ ವಾಟ್ಸಾಪ್ ಅಳಿಸಿಯೇ ಕಳಿಸುತ್ತದೆ. ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಮೂಲ ಹೆಸರು ಉಳಿಯುತ್ತಿತ್ತು. ಹಲವು ಫೋನ್‌ಗಳಲ್ಲಿ ಅದರಲ್ಲೇ ಸೆಕೆಂಡಿನ ತನಕ ಲೆಕ್ಕ ಇರುತ್ತದೆ. ಆದರೆ ಅಷ್ಟು ಯೋಚಿಸುವ ಮಗು ಪುಟಸಂಖ್ಯೆಯನ್ನೇ ಹಾಕುತ್ತಿತ್ತು.

ಆದರೂ ಈ ಗೊಂದಲಕ್ಕೊಂದು ಶಿಸ್ತಿದೆ. ನಾಲ್ಕು ಹಾಳೆ, ಎಂಟು ಪುಟ ಅನ್ನಿ. ಹುಡುಗ ಮೊದಲು ಎಲ್ಲ ಮುಂಬದಿಯ ಫೋಟೊ ತೆಗೆಯುತ್ತಾನೆ, ತೆಗೆದ ಹಾಳೆಯನ್ನು ಪಕ್ಕಕ್ಕೆ ಬೋರಲು ಹಾಕುತ್ತಾ ಹೋಗುತ್ತಾನೆ: 1, 3, 5, 7. ಆಮೇಲೆ ಆ ಕಂತೆಯ ಮೇಲಿನಿಂದ ಹಿಂಬದಿ ತೆಗೆಯುತ್ತಾನೆ: 8, 6, 4, 2. ಗ್ಯಾಲರಿಯಲ್ಲಿ ಕೊನೆಯ ಫೋಟೊ ಮೇಲಿರುವುದರಿಂದ, ಕಳಿಸಲು ಮೇಲಿನಿಂದ ಒಂದೊಂದೇ ಒತ್ತುವಾಗ ಸರದಿ ತಿರುಗಿ ನಮಗೆ ಸಿಗುವುದು 2, 4, 6, 8, 7, 5, 3, 1. ಎರಡೂ ತುದಿಯ ಫೋಟೊಗಳು ಒಂದೇ ಹಾಳೆಯವು. ತುದಿಯಿಂದ ಒಳಕ್ಕೆ ಜೋಡಿ ಕಟ್ಟುತ್ತಾ ಬಂದರೆ ಪತ್ರಿಕೆ ಎದ್ದು ಕೂರುತ್ತದೆ. ಕೊನೆಯ ಬದಿ ಖಾಲಿಯೆಂದು ಬಿಟ್ಟಿದ್ದರೂ ತೊಂದರೆಯಿಲ್ಲ, ನಡುವೆ 7 ಒಂಟಿಯಾಗುತ್ತದೆ, ಅಷ್ಟೆ. ಮಸುಕಾಯಿತೆಂದು 5ನ್ನು ಎರಡು ಸಲ ತೆಗೆದಿದ್ದರೆ ಮಾತ್ರ ಅಲ್ಲಿಂದಾಚೆ ಜೋಡಿಗಳೆಲ್ಲ ಪರರ ಪಾಲು.

ಜೋಡಿ ಸರಿಯೋ ಅಂತ ನೋಡಲು ದಾರ ಕಟ್ಟುವ ತೂತು ಸಾಕ್ಷಿ: ಮುಂಬದಿಯಲ್ಲಿ ಎಡಮೂಲೆ, ಹಿಂಬದಿಯಲ್ಲಿ ಬಲಮೂಲೆ. ಹಾಳೆ ತೆಳ್ಳಗಿದ್ದರೆ ಆಚೆ ಬದಿಯ ಶಾಯಿ ಮಸುಕಾಗಿ ಕಾಣುತ್ತದೆ. ಫೋಟೊವನ್ನು ಕನ್ನಡಿಬಿಂಬದಂತೆ ತಿರುಗಿಸಿದರೆ ಒಂದೆರಡು ಪದ ಓದಲೂ ಬರುತ್ತದೆ. ಹಾಳೆಯಿಂದ ಹಾಳೆಗೆ ದಾಟುವಾಗ ಮುರಿದ ವಾಕ್ಯವೇ ಗತಿ. ಪ್ರಶ್ನೆಯ ಸಂಖ್ಯೆ ನಂಬಿದರೆ ಕೆಟ್ಟಿರಿ. ಗೊತ್ತಿರುವ ಐದನೆಯದನ್ನು ಮೊದಲು ಬರೆದು, ಒಂದನೆಯದನ್ನು ಕೊನೆಗೆ ದೇವರ ಮೇಲೆ ಭಾರ ಹಾಕಿ ಬರೆಯುವುದು ನಮ್ಮ ಮಕ್ಕಳ ಪದ್ಧತಿ.

ಇಷ್ಟೆಲ್ಲ ಆಗಿ ಪತ್ರಿಕೆ ಸಾಲಿಗೆ ಬಂದಾಗ 2ನೇ ಪುಟದ ಬುಡದಲ್ಲಿ, ಎರಡು ಗೆರೆ ಎಳೆದು, ಮುತ್ತಿನಂಥ ಅಕ್ಷರದಲ್ಲಿ ಒಂದು ಸೂಚನೆ ಕಾಣುತ್ತದೆ: ಪು. ತಿ. ನೋ.