ರೆಸ್ಯೂಮೆಯ ಶೇಕಡಾವಾರು ಅಂಕ: ಸತ್ಯಾಂಶ

"ರೆಸ್ಯೂಮೆ ಸ್ಕೋರ್ 80% ದಾಟದಿದ್ರೆ ಕಂಪನಿ ಕಂಪ್ಯೂಟರೇ ರಿಜೆಕ್ಟ್ ಮಾಡುತ್ತಂತೆ, ನಿಜಾನಾ?"

ಇಲ್ಲ. ಆ ಅಂಕ ರೆಸ್ಯೂಮೆ ಪರೀಕ್ಷಿಸಿ ಸ್ಕೋರ್ ಕೊಡುವ ಉಚಿತ ಸೈಟಿನ ಸ್ವಂತ ಲೆಕ್ಕ. ಅರ್ಜಿ ಹಾಕಿದ ಕಂಪನಿಗೆ ಅದು ಹೋಗುವುದೇ ಇಲ್ಲ. ಇಂಥ ಸೈಟುಗಳು ಬಹುಮಟ್ಟಿಗೆ ಪದ ಹೊಂದಿಸಿ ನೋಡುತ್ತವೆ: ಅಕೌಂಟೆಂಟ್ ಕೆಲಸದ ಜಾಹೀರಾತಿನಿಂದ ಆರಿಸಿದ 10 ಪದಗಳಲ್ಲಿ ನಿಮ್ಮಲ್ಲಿ 6 ಸಿಕ್ಕರೆ 60%. ಅಲ್ಲಿ 'ಜಿಎಸ್‌ಟಿ ರಿಟರ್ನ್ಸ್' ಎಂದಿದ್ದು ನೀವು 'ಜಿಎಸ್‌ಟಿಆರ್-3ಬಿ ಫೈಲಿಂಗ್' ಎಂದು ಬರೆದಿದ್ದರೆ, ಕೆಲಸ ಗೊತ್ತಿದ್ದೂ ಅಂಕ ತಪ್ಪಬಹುದು.

ನೀವೇ ಪರೀಕ್ಷಿಸಿ. ಫೋನ್ ನಂಬರ್, ವಿಳಾಸ ತೆಗೆದು, ಒಂದೇ ಫೈಲನ್ನು ಮೂರು ಸೈಟಿಗೆ ಹಾಕಿ, ಅಂಕಗಳನ್ನು ಹೋಲಿಸಿ. ಬಳಿಕ ಜಾಹೀರಾತಿನ ಪದಗಳನ್ನು ಕೊನೆಯಲ್ಲಿ ಸುಮ್ಮನೆ ಅಂಟಿಸಿ ನೋಡಿ. ಅಂಕ ಏರಿದರೆ ಅದು ಅನುಭವವನ್ನು ಅಳೆಯುತ್ತಿಲ್ಲ.

ನಮ್ಮ ಮಟ್ಟಿಗೆ ಇದಕ್ಕಿಂತ ಉಪಯೋಗದ ಪರೀಕ್ಷೆ ಇನ್ನೊಂದಿದೆ. ಪಿಡಿಎಫ್‌ನ ಬರಹವನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಎರಡು ಕಾಲಮ್‌ಗಳ ಸಾಲುಗಳು ಕಲಸಿಹೋಗಿದ್ದರೆ ಕಂಪನಿಯ ಸಾಫ್ಟ್‌ವೇರೂ ಹಾಗೆಯೇ ಓದಬಹುದು. ಒಂದೇ ಕಾಲಮ್ಮಿಗೆ ಬದಲಿಸಿ.